ಬೋಕಿಯನ್ನು ಓದುವ ಬಗೆ

ಕೃಷ್ಣೆ ಮತ್ತು ಘಟಪ್ರಭೆಗಳ ನಡುವೆ ಹರಡಿರುವ ನಮ್ಮ ಸೀಮೆಯಲ್ಲಿ ಒಡೆದ ಮಡಕೆಯ ಚೂರು ಬೀಳದ ಹೊಲವೇ ವಿರಳವೆನ್ನಬೇಕು. ಜಮಖಂಡಿ, ಮುಧೋಳಗಳ ಎರೆಹೊಲಗಳಲ್ಲಿ ನೇಗಿಲು ಹೊಡೆದಾಗ ಅವು ಮೇಲಕ್ಕೆ ಬರುತ್ತವೆ. ರಬಕವಿ-ಬನಹಟ್ಟಿಗಳಲ್ಲಿ ಹಳೆಯ ಮನೆ ಕೆಡವಿ ಹೊಸ ತಳಪಾಯ ಅಗೆದಾಗ ಬುಟ್ಟಿಗಟ್ಟಲೆ ಸಿಕ್ಕುತ್ತವೆ. ಆಲಮಟ್ಟಿಯ ಹಿನ್ನೀರು ಬೇಸಗೆಯಲ್ಲಿ ಇಳಿದಾಗ ಬೀಳಗಿ ತಾಲೂಕಿನ ದಂಡೆಗಳ ಮೇಲೆ, ಮುಳುಗಡೆಯಾದ ಹಳ್ಳಿಗಳ ಅಡಿಗೆಮನೆಯ ಚೂರುಗಳೂ ಅವುಗಳಿಗಿಂತ ಎಷ್ಟೋ ಶತಮಾನ ಹಿಂದಿನ ಚೂರುಗಳೂ ಒಂದೇ ರಾಶಿಯಲ್ಲಿ ಬಿದ್ದಿರಬಹುದು. ಇವನ್ನು ನಾವು ಬೋಕಿ ಎಂದು ಕರೆದು ದಾಟಿ ಹೋಗುತ್ತೇವೆ.

ದಾಟಿ ಹೋಗದೆ ನಿಂತು ನೋಡುವವರಲ್ಲಿಯೂ ಒಂದು ತೊಡಕುಂಟು. ಕಪ್ಪಾಗಿ ಕಂಡುದೆಲ್ಲ ಸಾವಿರ ವರುಷದ ಹಿಂದಿನದು, ಹೊಳೆಯುವುದೆಲ್ಲ ಚೀನದಿಂದ ಬಂದುದು, ಬಿರುಕು ಬಿಟ್ಟುದೆಲ್ಲ ಪ್ರಾಚೀನವಾದುದು ಎಂಬ ನಂಬಿಕೆ ನಮ್ಮ ಕಡೆಗೆ ಸಾಮಾನ್ಯವಾಗಿದೆ. ಈ ಮೂರೂ ನಂಬಿಕೆಗಳು ಹಾದಿ ತಪ್ಪಿಸುತ್ತವೆ. ನಿನ್ನೆ ಒಲೆಯ ಮೇಲಿದ್ದ ಗಡಿಗೆಯೂ ಕಪ್ಪಾಗಿರುತ್ತದೆ. ಕಾರಖಾನೆಯಿಂದ ಬಂದ ಭರಣಿಯೂ ಹೊಳೆಯುತ್ತದೆ. ಆವಿಗೆಯಿಂದ ಹೊರತೆಗೆದ ದಿನವೇ ಪಾತ್ರೆಯ ಮೆರುಗು ಬಿರುಕು ಬಿಡಬಹುದು.

ಹಾಗಾದರೆ ಯಾವುದನ್ನು ನಂಬಬೇಕು? ಬೋಕಿಯ ಮೇಲಿನ ಗುರುತುಗಳಲ್ಲಿ ಎರಡು ಜಾತಿಗಳಿವೆ. ಮೊದಲನೆಯವು ಬೆಂಕಿಯಲ್ಲಿ ಹುಟ್ಟಿದವು, ಅಂದರೆ ಪಾತ್ರೆಯನ್ನು ಸುಡುವಾಗಲೇ ಅದರ ಮೈಗೆ ಸೇರಿದವು. ಎರಡನೆಯವು ಬಳಕೆಯಲ್ಲಿ ಅಥವಾ ಮಣ್ಣೊಳಗೆ ಬಿದ್ದಿದ್ದಾಗ ಆಮೇಲೆ ಬಂದವು. ಈ ಎರಡನ್ನೂ ಬೇರ್ಪಡಿಸುವುದೇ ಬೋಕಿಯನ್ನು ಗುರುತಿಸುವ ವಿದ್ಯೆಯ ತಿರುಳು. ಅದಕ್ಕೆ ನೋಡಬೇಕಾದ ಸ್ಥಳ ಬೋಕಿಯ ಮುಖವಲ್ಲ, ಅದರ ಒಡೆದ ಅಂಚು. ಮುಖಕ್ಕೆ ಮಸಿ, ಎಣ್ಣೆ, ಬಣ್ಣ ಹತ್ತುತ್ತದೆ. ಅಂಚಿನಲ್ಲಿ ಮಾತ್ರ ಮಣ್ಣೂ ಬೆಂಕಿಯೂ ಮುಚ್ಚುಮರೆಯಿಲ್ಲದೆ ಕಾಣುತ್ತವೆ. ಹಳೆಯ ಅಂಚು ಮಾಸಿದ್ದರೆ ಮೂಲೆಯಲ್ಲಿ ಕಡಲೆಕಾಳಿನಷ್ಟು ಹೊಸದಾಗಿ ಮುರಿದು ನೋಡಬೇಕಾಗುತ್ತದೆ. ಸಾಮಾನ್ಯ ಚೂರಿಗೆ ಮಾತ್ರ ಹೀಗೆ ಮಾಡಬೇಕು. ಬಣ್ಣದ ಗೆರೆಯಾಗಲಿ ಗೀಚಿದ ಚಿಹ್ನೆಯಾಗಲಿ ಇರುವ ಚೂರನ್ನು ಮುರಿಯಬಾರದು.

ಮಣ್ಣಿನ ಮೈ

ಮೊದಲು ಮಣ್ಣನ್ನು ನೋಡೋಣ. ನಮ್ಮ ಎರೆಮಣ್ಣು ನೀರು ಕುಡಿದರೆ ಬಹಳ ಉಬ್ಬುತ್ತದೆ, ಒಣಗಿದರೆ ಬಹಳ ಕುಗ್ಗುತ್ತದೆ. ಬೇಸಗೆಯಲ್ಲಿ ಹೊಲವು ಅಂಗೈ ತೂರುವಷ್ಟು ಬಿರಿಯುವುದು ಇದೇ ಕಾರಣದಿಂದ. ಬರೀ ಎರೆಮಣ್ಣಿನಿಂದ ಮಾಡಿದ ಗಡಿಗೆ ನೆರಳಿನಲ್ಲಿ ಒಣಗುವಾಗಲೇ ಸೀಳುತ್ತದೆ. ಆದುದರಿಂದ ಕುಂಬಾರರು ಕೆರೆಯ ಗೋಡನ್ನೋ ಕೆಮ್ಮಣ್ಣನ್ನೋ ಬೆರೆಸಿ, ಅದಕ್ಕೆ ಮರಳು, ಬೂದಿ, ಸಗಣಿ ಅಥವಾ ಹೊಟ್ಟು ಕೂಡಿಸಿ ತುಳಿದು ಹದ ಮಾಡುತ್ತಾರೆ. ಈ ಕೂಡಿಕೆಯ ಗುರುತು ಅಂಚಿನಲ್ಲಿ ಉಳಿಯುತ್ತದೆ. ಮರಳು ಹರಳಾಗಿಯೇ ಕಾಣುತ್ತದೆ. ಹೊಟ್ಟು ಮತ್ತು ಸಗಣಿಯ ಎಳೆ ಸುಟ್ಟುಹೋಗಿ ಅವುಗಳ ಆಕಾರದ ಸಣ್ಣ ಪೊಳ್ಳುಗಳು ಉಳಿಯುತ್ತವೆ.

ನಮ್ಮ ಸೀಮೆಯ ಮಣ್ಣಿಗೆ ವಿಶೇಷವಾದ ಇನ್ನೊಂದು ಗುರುತುಂಟು. ಎರೆಮಣ್ಣಿನಲ್ಲಿ ಸುಣ್ಣದ ಹರಳುಗಳು ಹೇರಳವಾಗಿವೆ. ಮಣ್ಣನ್ನು ಸರಿಯಾಗಿ ಸೋಸದಿದ್ದರೆ ಅಂಥ ಹರಳು ಗಡಿಗೆಯ ಗೋಡೆಯೊಳಗೆ ಉಳಿದುಬಿಡುತ್ತದೆ. ಸುಮಾರು ೮೦೦ ಡಿಗ್ರಿ ಸೆಂಟಿಗ್ರೇಡಿನ ಮೇಲೆ ಬೆಂಕಿ ಏರಿದರೆ ಅದು ಸುಟ್ಟ ಸುಣ್ಣವಾಗುತ್ತದೆ. ಮುಂದೆ ಗಾಳಿಯ ತೇವ ತಗಲಿದಾಗ ಆ ಸುಣ್ಣ ಅರಳಿ ಉಬ್ಬಿ, ಮೇಲಿನ ಮಣ್ಣನ್ನು ಚಕ್ಕೆಯಂತೆ ಹಾರಿಸುತ್ತದೆ. ಉಳಿಯುವುದು ಆಳಿಗೆಯಾಕಾರದ ಒಂದು ಸಣ್ಣ ಗುಣಿ, ಅದರ ತಳದಲ್ಲಿ ಒಂದು ಬಿಳಿಯ ಚುಕ್ಕೆ. ಪೆಟ್ಟು ಬಿದ್ದು ಚಕ್ಕೆ ಎದ್ದಲ್ಲಿ ಈ ಬಿಳಿಯ ಚುಕ್ಕೆ ಇರುವುದಿಲ್ಲ. ಇಂಥ ಗುಣಿ ಕಂಡರೆ, ಮಣ್ಣು ಸುಣ್ಣ ಬೆರೆತ ಭೂಮಿಯದು, ಬೆಂಕಿ ಸುಣ್ಣವನ್ನು ಸುಡುವಷ್ಟು ಏರಿತ್ತು ಎಂಬ ಎರಡು ಸಂಗತಿಗಳು ಒಮ್ಮೆಗೇ ತಿಳಿಯುತ್ತವೆ.

ಕುಂಬಾರನ ಮಡಕೆಗೂ ನಾವು ಚೀನಿಮಣ್ಣಿನ ಭರಣಿ ಎಂದು ಕರೆಯುವ ಉಪ್ಪಿನಕಾಯಿಯ ಪಾತ್ರೆಗೂ ಇರುವ ಮುಖ್ಯ ಭೇದವೂ ಅಂಚಿನಲ್ಲಿಯೇ ಇದೆ. ಆ ಭರಣಿಗೆ ಶಾಸ್ತ್ರದಲ್ಲಿ ಸ್ಟೋನ್‌ವೇರ್ ಎಂದು ಹೆಸರು, ಅಂದರೆ ಕಲ್ಲಿನಂತೆ ಗಟ್ಟಿಯಾದ ಪಾತ್ರೆ. ಹಳ್ಳಿಯ ಆವಿಗೆಯಲ್ಲಿ ಕುಳ್ಳು, ಕಟ್ಟಿಗೆ, ಹೊಟ್ಟುಗಳಿಂದ ಸುಟ್ಟ ಮಡಕೆಗೆ ಸಾಮಾನ್ಯವಾಗಿ ೬೦೦ರಿಂದ ೯೦೦ ಡಿಗ್ರಿಯ ಒಳಗಿನ ಬೆಂಕಿ ತಗಲುತ್ತದೆ. ಅಷ್ಟರಲ್ಲಿ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆಯೇ ಹೊರತು ಕರಗುವುದಿಲ್ಲ. ನಡುವೆ ರಂಧ್ರಗಳು ಉಳಿಯುತ್ತವೆ. ಹರವಿಯ ನೀರು ತಣ್ಣಗಾಗುವುದು ಈ ರಂಧ್ರಗಳ ಮೂಲಕ ಜಿನುಗಿ ಆರುವುದರಿಂದಲೇ. ಸ್ಟೋನ್‌ವೇರಿಗೆ ೧೨೦೦ರಿಂದ ೧೩೦೦ ಡಿಗ್ರಿ ಬೇಕು. ಆ ಕಾವಿನಲ್ಲಿ ಮಣ್ಣಿನ ಒಂದಂಶ ಗಾಜಾಗಿ ಕರಗಿ ರಂಧ್ರಗಳನ್ನು ತುಂಬುತ್ತದೆ. ನಮ್ಮ ಸಾಮಾನ್ಯ ಮಣ್ಣಿಗೆ ಅಷ್ಟು ಕಾವು ಕೊಟ್ಟರೆ ಪಾತ್ರೆಯೇ ಕುಸಿದು ಮುದ್ದೆಯಾಗುತ್ತದೆ. ಆದ್ದರಿಂದ ಅದಕ್ಕೆ ಬೇರೆ ಮಣ್ಣೂ ಬೇರೆ ಭಟ್ಟಿಯೂ ಬೇಕಾಗುತ್ತವೆ.

ಇದನ್ನು ತಿಳಿಯಲು ಪ್ರಯೋಗಶಾಲೆ ಬೇಡ. ಅಂಚನ್ನು ತೊಳೆದು ಒಣಗಿಸಿ ಒಂದು ಹನಿ ನೀರು ಬಿಟ್ಟರೆ, ಮಡಕೆಯ ಚೂರು ಅದನ್ನು ಕೂಡಲೆ ಹೀರುತ್ತದೆ; ಸ್ಟೋನ್‌ವೇರಿನ ಮೇಲೆ ಹನಿ ಹಾಗೆಯೇ ಕುಳಿತಿರುತ್ತದೆ. ಚಾಕುವಿನ ಮೊನೆ ಮಡಕೆಯ ಅಂಚನ್ನು ಗೀರುತ್ತದೆ. ಸ್ಟೋನ್‌ವೇರಿನ ಮೇಲೆ ಚಾಕುವಿನ ಉಕ್ಕೇ ಸವೆದು ಬೂದುಗೆರೆ ಮೂಡುತ್ತದೆ. ಇನ್ನೂ ಖಚಿತವಾಗಬೇಕಾದರೆ, ಚೆನ್ನಾಗಿ ಒಣಗಿದ ಚೂರನ್ನು ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿಟ್ಟು, ಮೇಲಿನ ನೀರನ್ನು ಒರೆಸಿ ಮತ್ತೆ ತೂಗಬೇಕು. ಹೆಚ್ಚಿದ ತೂಕ ಒಣ ತೂಕದ ನೂರಕ್ಕೆ ೧೦ನ್ನು ಮಿಕ್ಕಿದ್ದರೆ ಅದು ಸಾಮಾನ್ಯವಾಗಿ ಮಡಕೆ. ೫ಕ್ಕಿಂತ ಕಡಿಮೆಯಿದ್ದರೆ ಸ್ಟೋನ್‌ವೇರು. ಸಂತೆಯಲ್ಲಿ ನಮ್ಮ ತಾಯಂದಿರು ಗಡಿಗೆಯನ್ನು ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಾರಲ್ಲ, ಅದೂ ಇದೇ ಪರೀಕ್ಷೆ. ಕಾವು ಸಾಲದ್ದು ಮತ್ತು ಬಿರುಕು ಬಿಟ್ಟದ್ದು ಮಂದವಾಗಿ ನುಡಿಯುತ್ತದೆ. ನಮ್ಮ ಮನೆತನದಲ್ಲಿ ಕಾಲೇಜಿಗೆ ಬಂದವನು ನಾನೇ ಮೊದಲಿಗನಾದರೂ ಈ ಪಾಠವನ್ನು ನಾನು ಕಾಲೇಜಿಗೆ ಬರುವ ಮೊದಲೇ ಸಂತೆಯಲ್ಲಿ ಕಲಿತಿದ್ದೆ.

ಬೆಂಕಿಯ ಗುರುತು

ಮಣ್ಣಿನಲ್ಲಿ ಕಬ್ಬಿಣದ ಅಂಶವಿರುತ್ತದೆ. ಸುಡುವಾಗ ಗಾಳಿ ಧಾರಾಳವಾಗಿ ಆಡಿದರೆ ಆ ಕಬ್ಬಿಣ ತುಕ್ಕಿನ ಬಣ್ಣಕ್ಕೆ ತಿರುಗಿ ಮಡಕೆ ಕೆಂಪಾಗುತ್ತದೆ. ಗಾಳಿ ಕಡಿಮೆಯಾಗಿ ಹೊಗೆ ಕವಿದರೆ ಬೂದು ಇಲ್ಲವೆ ಕಪ್ಪು ಬರುತ್ತದೆ. ಒಂದೇ ಮಣ್ಣಿನಿಂದ ಎರಡೂ ಬಣ್ಣ ಹುಟ್ಟುವುದರಿಂದ ಬಣ್ಣವನ್ನು ಕಂಡು ಮಣ್ಣನ್ನು ಊಹಿಸಬಾರದು. ಬಣ್ಣದಿಂದ ತಿಳಿಯುವುದು ಗಾಳಿಯ ನಡೆ.

ಮಡಕೆಯ ಕಪ್ಪಿನಲ್ಲಿ ಮೂರು ಬಗೆಗಳಿವೆ. ಇವನ್ನು ಬೇರ್ಪಡಿಸುವುದೇ ನಮ್ಮ ಸೀಮೆಯ ಬೋಕಿಗಳ ವಿಷಯದಲ್ಲಿ ಅತ್ಯಂತ ಅಗತ್ಯವಾದ ಕೆಲಸ.

ಮೊದಲನೆಯದು ತಿರುಳಿನ ಕಪ್ಪು. ಅಂಚಿನಲ್ಲಿ ಹೊರಗೂ ಒಳಗೂ ಕೆಂಪು, ನಡುವೆ ಮಾತ್ರ ಕಪ್ಪು ಪಟ್ಟಿ. ಮಣ್ಣಿನಲ್ಲಿ ಬೆರೆತ ಸಗಣಿ, ಹೊಟ್ಟು ಮೊದಲಾದವು ಪೂರ್ತಿ ಸುಟ್ಟುಹೋಗುವಷ್ಟು ಹೊತ್ತು ಬೆಂಕಿ ನಿಲ್ಲಲಿಲ್ಲವೆಂಬುದು ಇದರ ಅರ್ಥ. ಬಯಲು ಆವಿಗೆಯಲ್ಲಿ ಬೇಗ ಸುಟ್ಟ ದಪ್ಪ ಗೋಡೆಯ ಮಡಕೆಗಳಲ್ಲಿ ಇದು ಸಾಮಾನ್ಯ. ಸಾವಿರಾರು ವರುಷಗಳ ಹಿಂದೆಯೂ ಇತ್ತು, ಈಗಲೂ ಇದೆ. ಆದುದರಿಂದ ಇದರಿಂದ ಕಾಲ ತಿಳಿಯುವುದಿಲ್ಲ.

ಎರಡನೆಯದು ಒಲೆಯ ಮಸಿ. ಇದು ಬಳಕೆಯಲ್ಲಿ ಬಂದುದು. ಇದು ಗಡಿಗೆಯ ಹೊರಮೈಯಲ್ಲಿ, ಅದರಲ್ಲಿಯೂ ತಳದಲ್ಲಿ ಮತ್ತು ಬಗಲಿನಲ್ಲಿ ಇರುತ್ತದೆ, ಒಳಗೆ ಇರುವುದಿಲ್ಲ. ಅಂಚಿನಲ್ಲಿ ನೋಡಿದರೆ ಇದು ಮೇಲಿನ ಒಂದು ತೆಳು ಪೊರೆ ಮಾತ್ರ. ಒದ್ದೆ ಬಟ್ಟೆಯಿಂದ ಉಜ್ಜಿದರೆ ಬಹುಮಟ್ಟಿಗೆ ಬಟ್ಟೆಗೆ ಹತ್ತುತ್ತದೆ.

ಮೂರನೆಯದೇ ಪುರಾತತ್ತ್ವಜ್ಞರು ಹುಡುಕುವ ಕಪ್ಪು. ಇದು ಸರಿಯಾಗಿ ಮಸಿಗೆ ವಿರುದ್ಧವಾದುದು. ಪಾತ್ರೆಯ ಒಳಮೈಯೆಲ್ಲ ಕಪ್ಪು, ಬಾಯಂಚಿನ ಹೊರಗೆ ಒಂದೆರಡು ಬೆರಳು ಅಗಲ ಕಪ್ಪು, ಅದರ ಕೆಳಗೆ ಹೊರಮೈ ಕೆಂಪು. ಅಂಚಿನಲ್ಲಿ ಒಳಗಿನ ಕಪ್ಪೂ ಹೊರಗಿನ ಕೆಂಪೂ ಎರಡು ಪದರಗಳಾಗಿ ನಿಂತಿರುತ್ತವೆ. ತಿರುಳಿನ ಕಪ್ಪಿನಂತೆ ಇದು ನಡುವೆ ಸಿಕ್ಕಿಕೊಂಡಿರುವುದಿಲ್ಲ. ಒಳಮೈಯವರೆಗೂ ಬಂದು ಮುಟ್ಟಿರುತ್ತದೆ. ಇದನ್ನು ಕಪ್ಪು-ಕೆಂಪು ಮಡಕೆ ಎಂದು ಕರೆಯುತ್ತಾರೆ. ಪಾತ್ರೆಯನ್ನು ಬೋರಲಾಗಿ ಹಾಕಿ, ಬಾಯನ್ನು ಹೊಟ್ಟು-ಬೂದಿಯಲ್ಲಿ ಹುಗಿದು ಸುಟ್ಟರೆ ಒಳಕ್ಕೂ ಬಾಯಂಚಿಗೂ ಗಾಳಿ ತಗಲದೆ ಅವು ಕಪ್ಪಾಗುತ್ತವೆ, ಮೇಲಿದ್ದ ತಳ ಕೆಂಪಾಗುತ್ತದೆ ಎಂಬುದು ಒಂದು ವಿವರಣೆ. ಮೊದಲು ಕೆಂಪಾಗಿ ಸುಟ್ಟು ಆಮೇಲೆ ಎರಡನೆಯ ಸಲ ಹೊಗೆ ಕೊಟ್ಟು ಕಪ್ಪು ಮಾಡುತ್ತಿದ್ದರೆಂಬುದು ಇನ್ನೊಂದು. ಎರಡರಲ್ಲಿ ಯಾವುದಾದರೂ ಈ ಕಪ್ಪು ಬೆಂಕಿಯಲ್ಲಿ ಹುಟ್ಟಿದುದು. ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಈ ಮಡಕೆಗೆ ಇಷ್ಟು ಮಹತ್ತ್ವ ಬಂದುದೇಕೆಂಬುದನ್ನು ಇಲ್ಲಿಯೇ ಹೇಳಬೇಕು. ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದಾಗ ನೆಲದ ಪದರಗಳು ಮೂರು ಸಂಸ್ಕೃತಿಗಳನ್ನು ತೋರಿಸಿದವು. ಕೆಳಗೆ ಕಲ್ಗೊಡಲಿಯವರ ಒರಟು ಮಡಕೆ. ಅದರ ಮೇಲೆ ಬೃಹತ್ ಶಿಲಾಸಮಾಧಿಗಳನ್ನು ಕಟ್ಟಿದ, ಕಬ್ಬಿಣ ಬಲ್ಲ ಜನರ ಕಪ್ಪು-ಕೆಂಪು ಮಡಕೆ. ಅದರ ಮೇಲೆ ಶಾತವಾಹನರ ಕಾಲಕ್ಕೆ ಸೇರಿದ, ಬಿಳಿಯ ಗೆರೆಗಳ ಚಿತ್ರವುಳ್ಳ ಕೆಂಗಂದು ಲೇಪದ ಮಡಕೆ. ಅಂದಿನಿಂದ ಕರ್ನಾಟಕದ ಹೊಲಗಳಲ್ಲಿ ಸಿಕ್ಕುವ ಬೋಕಿಗಳಿಗೆ ಈ ಕ್ರಮವೇ ಮೊದಲ ಅಳತೆಗೋಲಾಯಿತು. ನಮ್ಮ ಸೀಮೆಯ ತೇರದಾಳದಲ್ಲಿ ಡಾ. ಅ. ಸುಂದರ ಅವರು ನಡೆಸಿದ ಉತ್ಖನನ ನವಶಿಲಾಯುಗದ ವಸತಿಯನ್ನು ಬೆಳಕಿಗೆ ತಂದಿತು. ಆದುದರಿಂದ ಬ್ರಹ್ಮಗಿರಿಯ ಪಾಠ ನಮ್ಮ ಹೊಲಗಳಿಗೆ ದೂರದ ಮಾತಲ್ಲ.

ಮೆರುಗು ಮತ್ತು ಅದರ ದೋಷಗಳು

ಮುಂದೆ ಹೋಗುವ ಮೊದಲು ಎರಡು ಪದಗಳನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ಸೋಸಿದ ನುಣ್ಣನೆಯ ಮಣ್ಣನ್ನು ನೀರಿನಲ್ಲಿ ಕಲಸಿ ಬಳಿದರೆ ಅದು ಲೇಪ. ಕರಗಿ ಗಾಜಾದ ಪೊರೆ ಇದ್ದರೆ ಅದು ಮೆರುಗು. ಲೇಪದ ಮಡಕೆಯನ್ನು ಸುಡುವ ಮೊದಲು ನುಣುಪು ಕಲ್ಲಿನಿಂದ ತಿಕ್ಕಿದರೆ ಅದೂ ಹೊಳೆಯುತ್ತದೆ. ಕಪ್ಪು-ಕೆಂಪು ಮಡಕೆಯ ಹೊಳಪು ಇಂಥದು. ಅದರ ಮೇಲ್ಮೈಯಲ್ಲಿ ಕೆಲವು ಸಲ ಕೂದಲೆಳೆಯ ಬಿರುಕುಗಳ ಬಲೆಯೂ ಕಾಣುವುದರಿಂದ ಮೆರುಗಿನ ಪಾತ್ರೆಯೆಂದು ಭ್ರಮೆಯಾಗುವುದುಂಟು. ಬೂದುಗಾಜಿನಲ್ಲಿ ಅಂಚನ್ನು ನೋಡಿದರೆ ಈ ಭ್ರಮೆ ಹರಿಯುತ್ತದೆ. ಮೆರುಗಿದ್ದರೆ ಮೈಯ ಮೇಲೆ ಗಾಜಿನ ಬೇರೆಯಾದ ಪದರ ಕಾಣುತ್ತದೆ. ತಿಕ್ಕಿದ ಹೊಳಪಿನಲ್ಲಿ ಅಂಥ ಪದರವೇ ಇಲ್ಲ.

ನಮ್ಮ ಹಳ್ಳಿಯ ಕುಂಬಾರರು ಮೆರುಗು ಹಾಕಿದವರಲ್ಲ. ಮೆರುಗಿನ ವಸ್ತು ನಮ್ಮ ಸೀಮೆಗೆ ಹೊರಗಿನಿಂದ ಬಂದುದು. ಬಹಮನಿ ಮತ್ತು ಆದಿಲಶಾಹಿಗಳ ಕಾಲದಲ್ಲಿ ದೊಡ್ಡ ಪಟ್ಟಣಗಳಿಗೆ ಬಂದುದು ಸ್ವಲ್ಪ; ೧೪೭೨ರಲ್ಲಿ ಮುಗಿದ ಬೀದರಿನ ಮಹಮೂದ ಗವಾನನ ಮದರಸದ ಗೋಡೆಗಳ ಮೇಲೆ ಮೆರುಗಿನ ಬಿಲ್ಲೆಗಳನ್ನು ಈಗಲೂ ಕಾಣಬಹುದು. ಆದರೆ ನಮ್ಮ ಹೊಲ-ತಿಪ್ಪೆಗಳಲ್ಲಿ ಸಿಕ್ಕುವ ಮೆರುಗಿನ ಚೂರುಗಳಲ್ಲಿ ಬಹುಪಾಲು ಕಳೆದ ಒಂದೂವರೆ ನೂರು ವರುಷಗಳ ಕಾರಖಾನೆಯ ಸ್ಟೋನ್‌ವೇರು. ಬಂಗಾಲದ ರಾಣಿಗಂಜದಲ್ಲಿ ಬರ್ನ್ ಕಂಪನಿಯವರು ೧೯ನೆಯ ಶತಮಾನದಲ್ಲಿಯೇ ಇಂಥ ಸಾಮಾನು ತಯಾರಿಸುತ್ತಿದ್ದರು. ಇಂಗ್ಲೆಂಡಿನ ಡೆನ್ಬಿಯಲ್ಲಿ ಬೋರ್ನ್ ಎಂಬವರ ಕಾರಖಾನೆಯ ಕಂದು ಶಾಯಿಸೀಸೆಗಳು ಕಚೇರಿಗಳಿಗಾಗಿ ಭಾರತಕ್ಕೆ ಬರುತ್ತಿದ್ದವು. ಅವುಗಳ ಬುಡದಲ್ಲಿ ಒತ್ತಿದ ಮುದ್ರೆಯಿಂದಲೇ ಹೆಸರು ತಿಳಿಯುತ್ತದೆ.

ಹಳೆಯ ಸ್ಟೋನ್‌ವೇರಿನಲ್ಲಿ ಒಂದು ಬಗೆ ಉಪ್ಪಿನ ಮೆರುಗಿನದು. ಭಟ್ಟಿಯ ಕಾವು ತುದಿ ಮುಟ್ಟಿದಾಗ ಒಳಕ್ಕೆ ಅಡಿಗೆಯ ಉಪ್ಪನ್ನು ಎಸೆಯುತ್ತಾರೆ. ಉಪ್ಪು ಆವಿಯಾಗಿ, ಅದರ ಸೋಡಿಯಂ ಅಂಶ ಪಾತ್ರೆಯ ಮೈಯ ಮರಳಿನ ಅಂಶದೊಡನೆ ಕೂಡಿ ತೆಳುವಾದ ಗಾಜಾಗುತ್ತದೆ. ಈ ಗಾಜು ಸಪಾಟಾಗಿರುವುದಿಲ್ಲ. ಕಿತ್ತಳೆ ಹಣ್ಣಿನ ಸಿಪ್ಪೆಯಂತೆ ಸಣ್ಣ ಸಣ್ಣ ಕುಳಿಗಳಿಂದ ಕೂಡಿರುತ್ತದೆ. ಆವಿ ತಗಲಿದಲ್ಲಿ ಮಾತ್ರ ಮೆರುಗು ಬರುವುದರಿಂದ, ಪಕ್ಕದ ಪಾತ್ರೆ ತಾಗಿದ್ದ ಸ್ಥಳದಲ್ಲಿ ಒಣ ಕಲೆಯೊಂದು ಉಳಿಯುತ್ತದೆ. ಇದು ಬೆಂಕಿಯಲ್ಲಿ ಹುಟ್ಟಿದ ಗುರುತು.

ಮೆರುಗಿನ ದೋಷಗಳಲ್ಲಿ ಎರಡನ್ನು ತಿಳಿದರೆ ಸದ್ಯಕ್ಕೆ ಸಾಕು. ಒಂದು, ಮೆರುಗು ಹಿಂಜರಿದಿರುವುದು. ಹಸಿ ಪಾತ್ರೆಯ ಮೇಲೆ ಜಿಡ್ಡೋ ಧೂಳೋ ಇದ್ದರೆ ಕರಗಿದ ಗಾಜು ಅಲ್ಲಿ ನಿಲ್ಲದೆ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಹಿಂದೆ ಸರಿದು ಬರಿಯ ಮೈ ಬಿಡುತ್ತದೆ. ಸರಿದ ಗಾಜಿನ ಅಂಚು ದಪ್ಪವಾಗಿ ದುಂಡಗಿರುತ್ತದೆ. ಆಮೇಲೆ ಪೆಟ್ಟು ಬಿದ್ದು ಮೆರುಗು ಹಾರಿದ್ದರೆ ಅಂಚು ಹರಿತವಾಗಿ, ಒಡೆದ ಗಾಜಿನಂತೆ ಇರುತ್ತದೆ. ಬೆರಳಾಡಿಸಿದರೇ ಈ ಭೇದ ತಿಳಿಯುತ್ತದೆ.

ಎರಡು, ಬಿರುಕಿನ ಬಲೆ. ಸುಟ್ಟ ಪಾತ್ರೆ ಆರುವಾಗ ಮೈಯೂ ಕುಗ್ಗುತ್ತದೆ, ಮೆರುಗೂ ಕುಗ್ಗುತ್ತದೆ. ಮೆರುಗು ಮೈಗಿಂತ ಹೆಚ್ಚು ಕುಗ್ಗಿದರೆ, ಬಿಗಿಯಾದ ಅಂಗಿ ಹರಿದಂತೆ ಅದು ಬಿರಿಯುತ್ತದೆ. ಈ ಬಿರುಕು ಭಟ್ಟಿ ತೆರೆದ ದಿನವೇ ಬರಬಹುದು. ರಂಧ್ರವುಳ್ಳ ಮೈ ವರುಷಗಟ್ಟಲೆ ತೇವ ಕುಡಿದು ನಿಧಾನವಾಗಿ ಉಬ್ಬಿದಾಗ ತಡವಾಗಿಯೂ ಬರಬಹುದು. ಆದುದರಿಂದ ಬಿರುಕು ವಯಸ್ಸಿಗೆ ಸಾಕ್ಷಿಯಲ್ಲ. ಬಿರುಕಿನೊಳಗಿನ ಕಲೆ ಮಾತ್ರ ಬಳಕೆಗೆ ಸಾಕ್ಷಿ. ನಿಜವಾಗಿ ಬಳಸಿದ ಭರಣಿಯಲ್ಲಿ ಎಣ್ಣೆ ನಿಂತ ಮಟ್ಟದ ಕೆಳಗೆ ಕಲೆ ಹೆಚ್ಚು, ಮೇಲೆ ಕಡಿಮೆ. ಹಳೆಯದೆಂದು ಮಾರುವುದಕ್ಕಾಗಿ ಚಹದ ನೀರಿನಲ್ಲಿ ಅದ್ದಿದ್ದರೆ ಎಲ್ಲ ಕಡೆಗೂ ಒಂದೇ ಸಮನಾದ ಕಂದು ಕಾಣುತ್ತದೆ. ಮನೆಯ ಬಳಕೆಗೂ ಈ ಪರೀಕ್ಷೆ ಬೇಕಾದುದೇ. ಸ್ಟೋನ್‌ವೇರಿನ ಮೈ ನೀರು ಕುಡಿಯದ್ದರಿಂದ ಬಿರುಕಿದ್ದರೂ ಅದು ಸಾಮಾನ್ಯವಾಗಿ ಸೋರುವುದಿಲ್ಲ. ಅದೇ ನೀರು ಹೀರುವ ಮೆತ್ತನೆಯ ಮೈಯ ಮೇಲೆ ಬಿರುಕುಬಿಟ್ಟ ಮೆರುಗು ಇದ್ದರೆ ಹುಳಿ ಪದಾರ್ಥ ಇಡಬಾರದು. ಕಡಿಮೆ ಕಾವಿನ ಹಳೆಯ ಮೆರುಗುಗಳಲ್ಲಿ ಸೀಸ ಬೆರೆಸುವ ರೂಢಿಯಿತ್ತು. ಹುಳಿ ಅದನ್ನು ಕರಗಿಸಿಕೊಳ್ಳುತ್ತದೆ.

ಮೂರು ಬೋಕಿಗಳ ವಿಚಾರಣೆ

ಇಷ್ಟು ತಿಳಿದ ಮೇಲೆ ಕೃಷ್ಣೆಯ ಈಚೆಯ ದಂಡೆಯ ಒಂದೇ ಹೊಲದ ಬದುವಿನಲ್ಲಿ ನಾವು ಮೂವರು ಸಹಪಾಠಿಗಳು ಕಂಡ ಮೂರು ಬೋಕಿಗಳನ್ನು ವಿಚಾರಿಸೋಣ. ಮೂರರಲ್ಲಿಯೂ ಕಪ್ಪೋ ಹೊಳಪೋ ಇದ್ದುದರಿಂದ ಮೂರೂ ಪ್ರಾಚೀನವೆಂದು ಹೊಲದವರ ಎಣಿಕೆಯಾಗಿತ್ತು.

ಮೊದಲನೆಯದು ಮೂರು ಬೆರಳಗಲದ ಬಾಯಂಚಿನ ಚೂರು, ಸುಮಾರು ೫ ಮಿಲಿಮೀಟರ ದಪ್ಪ. ಒಳಗೆ ನುಣುಪಾದ ಕಪ್ಪು. ಹೊರಗೆ ಬಾಯಿಂದ ಎರಡು ಬೆರಳು ಕಪ್ಪು, ಆಮೇಲೆ ಕೆಂಪು. ಒದ್ದೆ ಬಟ್ಟೆಯಿಂದ ಉಜ್ಜಿದೆವು; ಬಟ್ಟೆಗೆ ಹೊಲದ ಮಣ್ಣು ಹತ್ತಿತೇ ಹೊರತು ಮಸಿ ಹತ್ತಲಿಲ್ಲ. ಅಂಚಿನಲ್ಲಿ ಒಳಗಿನ ಅರ್ಧ ಕಪ್ಪು, ಹೊರಗಿನ ಅರ್ಧ ಕೆಂಪು. ಮಣ್ಣು ಚೆನ್ನಾಗಿ ಸೋಸಿದುದು, ಸುಣ್ಣದ ಗುಣಿಯಿಲ್ಲ. ಒಣ ತೂಕ ೨೪ ಗ್ರಾಂ. ನೆನೆಸಿದ ಮೇಲೆ ೨೭. ಹೆಚ್ಚಳ ನೂರಕ್ಕೆ ಹನ್ನೆರಡೂವರೆ. ಮೇಲೆ ಬಿರುಕಿನ ಬಲೆ ಇದ್ದರೂ ಗಾಜಿನ ಪದರವಿಲ್ಲ. ಇದು ಕಪ್ಪು-ಕೆಂಪು ಮಡಕೆಯೆಂದು ಹೇಳಲು ಅಡ್ಡಿಯಿಲ್ಲ. ಆದರೆ ಈ ಬಗೆಯ ಮಡಕೆ ಕ್ರಿಸ್ತಪೂರ್ವ ಮೊದಲನೆಯ ಸಹಸ್ರಮಾನದುದ್ದಕ್ಕೂ, ಮುಂದೆ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿಯೂ ಬಳಕೆಯಲ್ಲಿತ್ತು. ಹೀಗೆ ಬಿಡಿಯಾಗಿ ಸಿಕ್ಕ ಒಂದು ಚೂರಿನಿಂದ ಅದಕ್ಕಿಂತ ಸಣ್ಣ ಅವಧಿಯನ್ನು ಹೇಳುವುದು ದುಡುಕಾದೀತು.

ಎರಡನೆಯದು ೯ ಮಿಲಿಮೀಟರ ದಪ್ಪದ ಬಗಲಿನ ಚೂರು. ಮೂರರಲ್ಲಿ ಇದೇ ಹೆಚ್ಚು ಕಪ್ಪಾಗಿತ್ತು. ಆದರೆ ಕಪ್ಪು ಹೊರಗೆ, ಒಳಗೆ ಕೆಂಗಂದು. ಉಜ್ಜಿದರೆ ಬಟ್ಟೆ ಕರಿದಾಯಿತು. ಅಂಚಿನಲ್ಲಿ ಎರಡೂ ಕಡೆ ತೆಳುವಾದ ಕೆಂಪು, ನಡುವೆ ತಿರುಳಿನ ಕಪ್ಪು. ಬಿಳಿಯ ಚುಕ್ಕೆಯ ಗುಣಿಗಳು ಎರಡು ಇದ್ದವು. ಒಳಮೈಯಲ್ಲಿ ಸಾಲಾಗಿ ತಗ್ಗುಗಳಿದ್ದವು. ತಿಗರಿಯಿಂದ ಇಳಿಸಿದ ಹಸಿ ಗಡಿಗೆಯ ಒಳಗೆ ದುಂಡುಕಲ್ಲು ಹಿಡಿದು ಹೊರಗಿನಿಂದ ಹಲಗೆಯಲ್ಲಿ ಬಡಿದು ಹಿಗ್ಗಿಸುವಾಗ ಬೀಳುವ ಅಚ್ಚುಗಳಿವು. ತೂಕ ೪೦ ಗ್ರಾಂ ಇದ್ದುದು ನೆನೆಸಿದ ಮೇಲೆ ೪೬ ಆಯಿತು, ಅಂದರೆ ನೂರಕ್ಕೆ ೧೫. ಇದು ಅಡಿಗೆಯ ಗಡಿಗೆ. ಮಣ್ಣು, ಬೆಂಕಿ, ಬಡಿಯುವ ರೀತಿ ಎಲ್ಲವೂ ಇಂದಿನ ಕುಂಬಾರನವೂ ಆಗಬಹುದು, ಅವನ ಮುತ್ತಜ್ಜನವೂ ಆಗಬಹುದು. ಇದರ ಚೀಟಿಯ ಮೇಲೆ “ದಿನಬಳಕೆಯ ಗಡಿಗೆ, ಕಾಲ ಅನಿಶ್ಚಿತ” ಎಂದೇ ಬರೆಯಬೇಕು.

ಮೂರನೆಯದು ಭರಣಿಯ ಬುಡ. ಮೇಲೆ ಕಂದು, ಕೆಳಗೆ ಹಾಲುಬಿಳುಪಿನ ಮೆರುಗು. ಅಂಚು ಬೂದುಬಣ್ಣದ್ದು, ಕಲ್ಲಿನಂತೆ ಬಿಗಿಯಾದುದು. ನೀರಿನ ಹನಿ ನಿಂತಿತು, ಚಾಕು ಗೀರಲಿಲ್ಲ. ೬೦ ಗ್ರಾಂ ಇದ್ದುದು ೬೧ ಆಯಿತು, ಎಂದರೆ ನೂರಕ್ಕೆ ಎರಡರೊಳಗೆ. ಬಿಳುಪಿನಲ್ಲಿ ಬಿರುಕಿನ ಬಲೆ, ಒಂದು ಕಡೆ ದುಂಡಂಚಿನ ಹಿಂಜರಿತ. ಬುಡದ ಸುತ್ತ ಮೆರುಗಿಲ್ಲದ ಬಳೆ. ಭಟ್ಟಿಯ ಹಲಗೆಗೆ ಅಂಟಬಾರದೆಂದು ಅಲ್ಲಿ ಮೆರುಗನ್ನು ಒರೆಸಿರುತ್ತಾರೆ. ಬಗಲಿನಲ್ಲಿ ಮೇಲಿಂದ ಕೆಳಗೆ ನೇರವಾಗಿ ಇಳಿದ ಸಣ್ಣ ಏಣು. ಇದು ಎರಡು ಹೋಳಿನ ಅಚ್ಚಿನ ಕೂಡುಗೆರೆ. ತಿಗರಿಯ ಗೆರೆಗಳಾದರೆ ಅಡ್ಡಲಾಗಿ ಸುತ್ತುತ್ತವೆ. ಆದುದರಿಂದ ಇದು ಕಾರಖಾನೆಯ ಸ್ಟೋನ್‌ವೇರು. “ಸಂಸ್ಥಾನದ ಕಾಲದ್ದು” ಎಂದು ಹೊಲದವರು ಹೇಳಿದ ಮಾತನ್ನು ಇದು ಸುಳ್ಳು ಮಾಡುವುದಿಲ್ಲ. ಜಮಖಂಡಿ, ಮುಧೋಳ ಸಂಸ್ಥಾನಗಳು ೧೯೪೮ರಲ್ಲಿ ವಿಲೀನವಾದವು, ಅದಕ್ಕೂ ಮೊದಲೇ ಇಂಥ ಭರಣಿಗಳು ಮನೆಗಳಲ್ಲಿದ್ದವು. ಆದರೆ ಪ್ರಾಚೀನವೆಂಬ ಮಾತಿಗೆ ಇಲ್ಲಿ ಎಡೆಯಿಲ್ಲ.

ಒಂದೇ ಬದುವಿನಲ್ಲಿ ಮೂರು ಕಾಲಗಳು ಬೆರೆತುದೇಕೆ ಎಂದು ಕೇಳಬಹುದು. ನೇಗಿಲು ಕೆಳಗಿನದನ್ನು ಮೇಲಕ್ಕೆ ತರುತ್ತದೆ. ತಿಪ್ಪೆಯ ಗೊಬ್ಬರದೊಡನೆ ಮನೆಯ ಒಡಕು ಹೊಲಕ್ಕೆ ಹೋಗುತ್ತದೆ. ಹಿನ್ನೀರಿನ ಅಲೆ ದಂಡೆಯನ್ನು ಕಡಿದು ಎಲ್ಲವನ್ನೂ ಕಲಸುತ್ತದೆ. ಆದ್ದರಿಂದಲೇ ಮೇಲೆ ಸಿಕ್ಕ ಚೂರು ಆ ನೆಲದ ವಯಸ್ಸನ್ನು ಹೇಳಲಾರದು. ಇಲ್ಲಿ ನೋಡತಕ್ಕದ್ದಿದೆ ಎಂದಷ್ಟೇ ಸೂಚಿಸಬಲ್ಲುದು.

ಈ ರೀತಿಯ ಪರೀಕ್ಷೆಯ ಮಿತಿ

ಮಣ್ಣು, ಬೆಂಕಿ, ಮೆರುಗು ಈ ಮೂರರಿಂದ ಪಾತ್ರೆಯ ಜಾತಿ ತಿಳಿಯುತ್ತದೆ, ವರುಷ ತಿಳಿಯುವುದಿಲ್ಲ. ವರುಷಕ್ಕೆ ಸಮೀಪ ಹೋಗಬೇಕಾದರೆ ಎರಡು ದಾರಿಗಳುಂಟು. ಚೂರು ಕದಲದ ಪದರದಲ್ಲಿ, ನಾಣ್ಯವೋ ಇದ್ದಿಲೋ ಜೊತೆಗಿದ್ದು ಸಿಕ್ಕಿರಬೇಕು; ಇಲ್ಲವೆ ಉಷ್ಣದೀಪ್ತಿ ಎಂಬ ವಿಧಾನದಿಂದ ಪ್ರಯೋಗಶಾಲೆಯಲ್ಲಿ ಅಳೆಯಬೇಕು. ಮಣ್ಣಿನಲ್ಲಿರುವ ಮರಳಿನ ಹರಳುಗಳು ಸುತ್ತಲಿನ ಸಹಜ ವಿಕಿರಣದಿಂದ ಶಕ್ತಿಯನ್ನು ಕೂಡಿಡುತ್ತಾ ಹೋಗುತ್ತವೆ. ಆವಿಗೆಯ ಬೆಂಕಿ ಆ ಲೆಕ್ಕವನ್ನು ಒಮ್ಮೆ ಸೊನ್ನೆಗೆ ತರುತ್ತದೆ. ಮತ್ತೆ ಕಾಯಿಸಿದಾಗ ಹೊರಬೀಳುವ ಬೆಳಕಿನಿಂದ, ಕಡೆಯ ಸಲ ಸುಟ್ಟು ಎಷ್ಟು ಕಾಲವಾಯಿತೆಂಬುದನ್ನು ಎಣಿಸುತ್ತಾರೆ. ಅದರಲ್ಲಿಯೂ ನೂರಕ್ಕೆ ೫ರಿಂದ ೧೦ರಷ್ಟು ವ್ಯತ್ಯಾಸ ಉಳಿಯುವುದು ಸಾಮಾನ್ಯ. ೨೦೦೦ ವರುಷದ ಮಡಕೆಗೆ ಅದು ನೂರಿನ್ನೂರು ವರುಷವಾಯಿತು.

ಮೊದಲನೆಯ ಬೋಕಿಯಂಥವು ಒಂದೇ ಎಡೆಯಲ್ಲಿ ಹತ್ತಾರು ಕಂಡರೆ ಅಗೆಯಬಾರದು, ಚೀಲಕ್ಕೆ ತುಂಬಿ ಮನೆಗೆ ತರಲೂ ಬಾರದು. ಊರು, ಹೊಲ,ದಿಕ್ಕು, ದಿನ ಇವನ್ನು ಬರೆದುಕೊಂಡು, ಒಂದು ಅಳತೆಪಟ್ಟಿಯ ಜೊತೆಗೆ ಚಿತ್ರ ತೆಗೆದು ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ನೂರು ವರುಷ ಮೀರಿದ ಇಂಥ ವಸ್ತುಗಳ ವ್ಯಾಪಾರಕ್ಕೆ ೧೯೭೨ರ ಪ್ರಾಚ್ಯವಸ್ತುಗಳ ಕಾಯಿದೆ ಕಟ್ಟುಪಾಡು ಹಾಕಿದೆ. ಸ್ಥಳ ತಪ್ಪಿದ ಬೋಕಿಯಿಂದ ಅದರ ಜಾತಿಯನ್ನಷ್ಟೇ ತಿಳಿಯಬಹುದು. ಯಾರ ಮನೆ ಎಲ್ಲಿತ್ತು ಎಂಬುದನ್ನು ತಿಳಿಯಲಾಗದು.

ದೊರೆಗಳ ಹೆಸರು ಶಾಸನಗಳಲ್ಲಿವೆ. ಒಕ್ಕಲಿಗ, ನೇಕಾರ, ಕುಂಬಾರ ಮನೆತನಗಳ ಹಿರಿಯರ ವಿಷಯದಲ್ಲಿ ಬರೆದಿಟ್ಟ ಕಾಗದ ತೀರ ಕಡಿಮೆ. ಅವರು ಉಂಡ, ನೀರು ತುಂಬಿದ ಪಾತ್ರೆಗಳ ಚೂರುಗಳೇ ಅನೇಕ ಕಡೆ ಉಳಿದಿರುವ ದಾಖಲೆ. ಬೀಳಗಿಯ ದಂಡೆಗಳಲ್ಲಿ ಆ ದಾಖಲೆಯೂ ವರುಷವರುಷವೂ ನೀರಿಗೆ ಜಾರುತ್ತಿದೆ. ಮುಂದಿನ ಬೇಸಗೆಯಲ್ಲಿ ನೀರು ಇಳಿದಾಗ ಆ ಕಡೆಗೆ ಹೋಗುವವರು ಒಂದು ಬೂದುಗಾಜು, ಒಂದು ಒದ್ದೆ ಬಟ್ಟೆ, ಒಂದು ವಹಿ ಇಷ್ಟನ್ನು ಜೊತೆಗೆ ಒಯ್ದರೆ ಮೇಲಿನ ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ದಂಡೆಯ ಮೇಲೆಯೇ ಮಾಡಿ ನೋಡಬಹುದು.